ವಾರಕ್ಕೆ ಹದಿನಾರು ಚೌಕ, ಅದು ತುಂಬಿದ ಮೇಲೆ ಮುಂದಿನ ವಾರ

ಪ್ರಶ್ನೆ: ಮೇಡಂ, ನಮಸ್ತೆ. ನಾನು ಹಾಸನದಲ್ಲಿ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ 9.30ರಿಂದ ಸಂಜೆ 6, ಭಾನುವಾರ ಮಾತ್ರ ರಜೆ. ಮನೆ ಸಾಲಗಾಮೆ ರಸ್ತೆ ಕಡೆ, ಹೋಗಿ ಬರೋಕೆ ಒಂದೂವರೆ ಗಂಟೆ. ಸಂಜೆ ಆರು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ವಾರಕ್ಕೆ ಐದು ದಿನ, ಒಬ್ಬರಿಗೆ 600 ರೂಪಾಯಿ. ರಾತ್ರಿ ಕೂತು ಸೀರೆಗೆ ಕುಚ್ಚು ಹಾಕುತ್ತೇನೆ, ಸಾದಾ ಕುಚ್ಚಿಗೆ 250, ಮಣಿ ಹಾಕಿದ ಕ್ರೋಶಾ ಕುಚ್ಚಿಗೆ 700. ಎರಡೂ ಸೇರಿ ತಿಂಗಳಿಗೆ 12,000 ಉಳಿಯುತ್ತೆ. ಆದರೆ ಮಲಗುವಾಗ ಹನ್ನೆರಡೂವರೆ, ಐದೂವರೆಗೆ ಏಳಬೇಕು. ಕತ್ತು ನೋವು, ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ, ಹೋದ ತಿಂಗಳು ಆಫೀಸಲ್ಲಿ ಎರಡು ಬಿಲ್ ಎರಡೆರಡು ಸಲ ಎಂಟ್ರಿ ಮಾಡಿದ್ದೆ. ಟೈಂಟೇಬಲ್ ಮೂರು ಸಲ ಬರೆದೆ, ಒಂದೂ ನಾಲ್ಕು ದಿನ ನಿಲ್ಲಲಿಲ್ಲ. ಯಾವುದನ್ನೂ ಬಿಡದೆ ಹೇಗೆ ಹೊಂದಿಸೋದು?

ಉತ್ತರ: ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಟೈಂಟೇಬಲ್ ನಿಲ್ಲದೇ ಇರುವುದಕ್ಕೆ ನಿಮ್ಮ ಶಿಸ್ತು ಕಾರಣ ಅಲ್ಲ. ಐದು ಗಂಟೆ ನಿದ್ದೆ ಮಾಡಿ ಮೂರು ಕೆಲಸ ಎಳೆಯುತ್ತಿರುವವರಿಗೆ ಶಿಸ್ತು ಕಡಿಮೆ ಅಂತ ಯಾರೂ ಹೇಳಕ್ಕಾಗಲ್ಲ. ಟೈಂಟೇಬಲ್ ನಿಲ್ಲದಿರೋದು ಅದರಲ್ಲಿ ಬರೆದ ಗಂಟೆಗಳು ನಿಮ್ಮ ವಾರದಲ್ಲಿ ಇಲ್ಲವೇ ಇಲ್ಲ ಅನ್ನೋ ಕಾರಣಕ್ಕೆ. ಅಕೌಂಟ್ಸ್ ನೋಡೋರು ನೀವು, ಲೆಕ್ಕ ಹಾಕಿ ತೋರಿಸಿದರೆ ಬೇಗ ಒಪ್ಪುತ್ತೀರಿ.

ವಾರಕ್ಕೆ 168 ಗಂಟೆ. ಮೊದಲು ನಿದ್ದೆ ಕಳೆಯೋಣ, ಕೊನೆಗೆ ಅಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ, ಹಾಸಿಗೆಗೆ ಹೋದ ತಕ್ಷಣ ನಿದ್ದೆ ಬರಲ್ಲ, ಹಾಗಾಗಿ ಏಳೂವರೆ ಇಟ್ಟುಕೊಳ್ಳಿ. ಅದು 52.5. ಕೆಲಸ ದಿನಕ್ಕೆ ಎಂಟೂವರೆಯಂತೆ ಆರು ದಿನ, 51. ಹೋಗಿ ಬರುವುದು 9. ಇನ್ನು ಅಡುಗೆ, ಸ್ನಾನ, ಪಾತ್ರೆ, ಬಟ್ಟೆ, ಮಗಳ ಸ್ಕೂಲಿನ ಕೆಲಸ, ಊಟ ಎಲ್ಲ ಸೇರಿ ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಕಡಿಮೆ ಆಗಲ್ಲ, ಅದು 31.5. ಎಲ್ಲ ಕೂಡಿದರೆ 144. ಉಳಿಯುವುದು ಬರೀ 24.

ಈಗ ನೀವು ಎಷ್ಟು ಖರ್ಚು ಮಾಡುತ್ತಿದ್ದೀರಿ ನೋಡಿ. ಟ್ಯೂಷನ್ ದಿನಕ್ಕೆ ಒಂದೂವರೆ ಗಂಟೆ ಅಂದರೆ ಐದು ದಿನಕ್ಕೆ ಏಳೂವರೆ, ನೋಟ್ಸ್ ನೋಡೋದು, ಪೇಪರ್ ತಿದ್ದೋದು ಇನ್ನೊಂದೂವರೆ, ಒಟ್ಟು 9. ರಾತ್ರಿ ಒಂಬತ್ತೂವರೆಗೆ ಕೂತರೆ ಹನ್ನೆರಡೂವರೆಗೆ ಮೂರು ಗಂಟೆ ಆಯ್ತು, ಒಂದೊಂದು ದಿನ ತಪ್ಪಿದರೂ ಭಾನುವಾರದ್ದು ಸೇರಿ ಕುಚ್ಚಿಗೆ ವಾರಕ್ಕೆ 20 ಗಂಟೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಅಲ್ಲಿಗೆ 29. ಇರುವ 24ರಲ್ಲಿ ಒಂದು ನಿಮಿಷವೂ ಬಿಡದೆ ದುಡಿದರೂ ಐದು ಗಂಟೆ ಸಾಲ. ಅದರ ಮೇಲೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಕೆಲಸ ಇದೆ, ನಾನು ಅದನ್ನ ಬಾಗಿಲ ಕೆಲಸ ಅಂತ ಕರೆಯುತ್ತೇನೆ. ಸೀರೆ ಕೊಡೋಕೆ ಬಂದವರು ಕೂತು ಮಾತಾಡುತ್ತಾರೆ, ವಾಟ್ಸಾಪಲ್ಲಿ ಡಿಸೈನ್ ಕಳಿಸಿ ಕಳಿಸಿ ಬಣ್ಣ ಕೇಳುತ್ತಾರೆ, ಆ ದಾರ ಸಿಗದೆ ನೀವು ಎರಡು ಅಂಗಡಿ ಸುತ್ತುತ್ತೀರಿ. ಇದು ವಾರಕ್ಕೆ ನಾಲ್ಕೈದು ಗಂಟೆ ಸಲೀಸಾಗಿ ತಿನ್ನುತ್ತದೆ. ಈ ಎಲ್ಲ ಸಾಲವೂ ತೀರುತ್ತಿರೋದು ನಿದ್ದೆಯಿಂದ. ದಿನಕ್ಕೆ ಎರಡೂವರೆ ಗಂಟೆಯಂತೆ ವಾರಕ್ಕೆ ಹದಿನೇಳೂವರೆ ಗಂಟೆ ನಿದ್ದೆ ನೀವು ಮಾರುತ್ತಿದ್ದೀರಿ. ಎರಡು ಸಲ ಎಂಟ್ರಿಯಾದ ಬಿಲ್ಲು ಅಲ್ಲಿಂದ ಬಂದಿದ್ದು.

ಇದು ನನಗೆ ಓದಿ ಗೊತ್ತಾದ ವಿಷಯ ಅಲ್ಲ. ಹದಿನೈದು ವರ್ಷದ ಹಿಂದೆ ನಾನೂ ಕೆಲಸದ ಜೊತೆ ಮದುವೆ ಕಾರ್ಡ್ ಮಾಡಿಸಿಕೊಡುತ್ತಿದ್ದೆ, ಜೊತೆಗೆ ಶನಿವಾರ ಭಾನುವಾರ ಟೈಪಿಂಗ್ ಹೇಳಿಕೊಡುತ್ತಿದ್ದೆ. ಒಂದು ರಾತ್ರಿ ಒಂದು ಗಂಟೆಗೆ ಪ್ರೂಫ್ ನೋಡಿ ಓಕೆ ಅಂದೆ. ಮುಹೂರ್ತದ ವಾರ ಸರಿ ಇತ್ತು, ತಾರೀಖು ಒಂದು ದಿನ ಮುಂದಿತ್ತು. ಮುನ್ನೂರು ಕಾರ್ಡು ಕೈಯಿಂದ ದುಡ್ಡು ಹಾಕಿ ಮತ್ತೆ ಹೊಡೆಸಿದೆ, ಆ ತಿಂಗಳು ದುಡಿದದ್ದೆಲ್ಲ ಹೋಯಿತು. ಅದಕ್ಕಿಂತ ಆ ಮನೆಯವರ ಮುಖ ನೋಡೋದು ಕಷ್ಟವಾಯಿತು. ಅವತ್ತಿನಿಂದ ರಾತ್ರಿ ಕೆಲಸಕ್ಕೆ ನಾನು ಗಂಟೆ ಲೆಕ್ಕ ಇಡುತ್ತೇನೆ, ಕೇಳಿದವರಿಗೂ ಅದನ್ನೇ ಹೇಳುತ್ತೇನೆ.

ಈಗ ನಿಮ್ಮ ಎರಡು ಕೆಲಸ ನೋಡೋಣ. ಎರಡೂ ಒಂದೇ ತರ ಕಾಣುತ್ತವೆ, ಆದರೆ ಸ್ವಭಾವ ಬೇರೆ. ಟ್ಯೂಷನ್ ಗಡಿಯಾರಕ್ಕೆ ಕಟ್ಟಿದ ಕೆಲಸ. ಟೈಮ್ ಆಯ್ತು, ಮಕ್ಕಳು ಮನೆಗೆ ಹೋದರು, ಮುಗಿಯಿತು. ಕುಚ್ಚು ಹಾಗಲ್ಲ, ಅದು ರಾಶಿಗೆ ಕಟ್ಟಿದ ಕೆಲಸ. ಕವರ್‌ನಲ್ಲಿ ಇನ್ನೂ ಮೂರು ಸೀರೆ ಇದ್ದರೆ ಅದು ಮುಗಿದಿಲ್ಲ, ಎಷ್ಟು ಹೊತ್ತಾದರೂ ಎಳೆಯುತ್ತಲೇ ಇರುತ್ತದೆ. ನೀವು ಟೈಂಟೇಬಲ್‌ನಲ್ಲಿ "ಕುಚ್ಚು, 9.30ರಿಂದ 11" ಅಂತ ಬರೆದಿರುತ್ತೀರಿ, ಆದರೆ ಶುಕ್ರವಾರಕ್ಕೆ ನಾಲ್ಕು ಸೀರೆ ಕೊಡುತ್ತೇನೆ ಅಂತ ಬಾಯಲ್ಲಿ ಒಪ್ಪಿಕೊಂಡಿರುತ್ತೀರಿ. ಗೋಡೆ ಮೇಲಿನ ಕಾಗದಕ್ಕೂ ಬಾಯಿಮಾತಿಗೂ ಜಗಳ ಬಂದರೆ ಗೆಲ್ಲೋದು ಬಾಯಿಮಾತೇ. ಹಾಗಾಗಿ ನಿಮ್ಮ ನಿಜವಾದ ಟೈಂಟೇಬಲ್ ಇರೋದು ಗೋಡೆ ಮೇಲೆ ಅಲ್ಲ, ಆರ್ಡರ್ ಪುಸ್ತಕದಲ್ಲಿ. ಅದನ್ನು ಸರಿ ಮಾಡಿದರೆ ಉಳಿದದ್ದು ತಾನಾಗಿ ಸರಿಹೋಗುತ್ತೆ.

ಪುಸ್ತಕಕ್ಕೆ ಬರುವ ಮುಂಚೆ ಒಂದು ಪರೀಕ್ಷೆ ಮಾಡಿ. ಭಾನುವಾರ ಬೆಳಿಗ್ಗೆ, ತಿಂಡಿ ಮುಗಿಸಿ, ಕಿಟಕಿ ಪಕ್ಕ ಕೂತು ಒಂದು ಸಾದಾ ಕುಚ್ಚು ಹಾಕಿ. ಸೆರಗಿನ ಎಳೆ ಬಿಡಿಸೋದರಿಂದ ಹಿಡಿದು ದಾರ ಎಣಿಸಿ, ಗಂಟು ಹಾಕಿ, ಬಾಚಿ, ತುದಿ ಸಮ ಕತ್ತರಿಸಿ ಮಡಚಿ ಇಡೋವರೆಗೆ ಟೈಮ್ ನೋಡಿ. ಅದೇ ತರದ ಇನ್ನೊಂದನ್ನು ರಾತ್ರಿ ಹನ್ನೊಂದಕ್ಕೆ ಶುರು ಮಾಡಿ ನೋಡಿ. ಕೈ ಪಳಗಿದವರಿಗೆ ಬೆಳಿಗ್ಗೆ ಒಂದೂವರೆ ಗಂಟೆ ಸಾಕಾಗೋದು ರಾತ್ರಿ ಎರಡು ದಾಟುತ್ತದೆ. ಗಂಟಿನ ನಡುವೆ ಅಂತರ ತಪ್ಪಿರುತ್ತೆ, ನಾಲ್ಕು ಗಂಟು ಮುಂದೆ ಹೋದಮೇಲೆ ಗೊತ್ತಾಗುತ್ತೆ, ಬಿಚ್ಚಿ ಮತ್ತೆ ಹಾಕಬೇಕು. ಮೆರೂನ್ ದಾರಕ್ಕೂ ಕಡು ಕೆಂಪಿಗೂ ಟ್ಯೂಬ್‌ಲೈಟ್ ಬೆಳಕಲ್ಲಿ ವ್ಯತ್ಯಾಸ ಕಾಣಲ್ಲ, ಬೆಳಿಗ್ಗೆ ನೋಡಿದರೆ ಎದೆ ಧಸಕ್ ಅನ್ನುತ್ತೆ. ರಾತ್ರಿಯ ಗಂಟೆ ಅಗ್ಗದ ಗಂಟೆ, ಇದನ್ನ ನೀವೇ ಅಳೆದು ನೋಡಿದರೆ ಆಮೇಲೆ ಯಾರೂ ಹೇಳಬೇಕಾಗಿಲ್ಲ.

ನಿಮ್ಮ ದುಡ್ಡಿನ ಲೆಕ್ಕವೂ ಅದನ್ನೇ ಹೇಳುತ್ತಿದೆ. 12,000ದಲ್ಲಿ ಟ್ಯೂಷನ್ 3,600, ಕುಚ್ಚು 8,400. ಕುಚ್ಚಿಗೆ ತಿಂಗಳಿಗೆ ಸುಮಾರು 86 ಗಂಟೆ ಹಾಕುತ್ತಿದ್ದೀರಿ, ಅಂದರೆ ಗಂಟೆಗೆ 98 ರೂಪಾಯಿ. ಆದರೆ ಸಾದಾ ಕುಚ್ಚಿನಲ್ಲಿ ದಾರಕ್ಕೆ 30 ಕಳೆದು 220 ಉಳಿದು, ಒಂದೂವರೆ ಗಂಟೆಯಲ್ಲಿ ಮುಗಿದರೆ ಗಂಟೆಗೆ 147 ಬೀಳಬೇಕು. ಮಣಿ ಕ್ರೋಶಾದಲ್ಲಿ ದಾರ, ಮಣಿ 120 ಹೋಗಿ 580 ಉಳಿಯುತ್ತೆ, ಐದು ಗಂಟೆ ಹಿಡಿದರೆ ಗಂಟೆಗೆ 116. ಎರಡಕ್ಕಿಂತಲೂ ನಿಮ್ಮ 98 ಕಡಿಮೆ ಇದೆ, ಅಲ್ವಾ? ಆ ವ್ಯತ್ಯಾಸ ರಾತ್ರಿ ಬಿಚ್ಚಿ ಹಾಕಿದ ಗಂಟುಗಳದ್ದು. ಇಲ್ಲಿ ಇನ್ನೊಂದೂ ಕಾಣುತ್ತೆ, 700 ರೂಪಾಯಿ ಅಂದ ತಕ್ಷಣ ದೊಡ್ಡ ಆರ್ಡರ್ ಅನ್ನಿಸುತ್ತೆ, ಆದರೆ ಗಂಟೆ ಲೆಕ್ಕದಲ್ಲಿ ಸಾದಾ ಕುಚ್ಚೇ ಜಾಸ್ತಿ ಕೊಡುತ್ತಿದೆ. ದಾರದ ಬೆಲೆ, ಹಿಡಿಯುವ ಹೊತ್ತು ನಾನು ನೋಡಿದವರ ಕೆಲಸದಿಂದ ಹೇಳಿದ್ದು. ನಿಮ್ಮದು ನಾಲ್ಕೈದು ಸೀರೆ ಅಳೆದು ಸರಾಸರಿ ಹಾಕಿಕೊಳ್ಳಿ, ಬಿಚ್ಚಿ ಹಾಕಿದ ಹೊತ್ತನ್ನೂ ಸೇರಿಸಿ.

ಈಗ ವಾರ ಕಟ್ಟೋಣ. 24 ಗಂಟೆಯಲ್ಲಿ ದುಡಿಮೆಗೆ 16 ಮಾತ್ರ ತೆಗೆದುಕೊಳ್ಳಿ. ಉಳಿದ 8ಕ್ಕೆ ಹೆಸರು ಬರೆಯಬೇಡಿ. ಅದು ದಂಡ ಅಲ್ಲ. ಮಗಳಿಗೆ ಜ್ವರ ಬರುವುದು, ಅರಕಲಗೂಡಿನಿಂದ ನೆಂಟರು ಬರುವುದು, ಆಫೀಸಲ್ಲಿ ಏಳಾಗುವುದು, ಏನೂ ಮಾಡದೆ ಜಗುಲಿ ಮೇಲೆ ಕೂರುವುದು, ಎಲ್ಲ ಅದರಿಂದಲೇ. ನೀವು ಬರೆದ ಮೂರು ಟೈಂಟೇಬಲ್‌ನಲ್ಲೂ ಈ ಎಂಟು ಗಂಟೆ ಇರಲಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಖಾಲಿ ಜಾಗ ಇಲ್ಲದ ಟೈಂಟೇಬಲ್ ಮೊದಲನೇ ನೆಂಟರು ಬಂದ ದಿನವೇ ಬೀಳುತ್ತೆ.

ಟ್ಯೂಷನ್ ಐದು ದಿನ ಬೇಡ, ನಾಲ್ಕು ದಿನ ಮಾಡಿ: ಸೋಮ, ಮಂಗಳ, ಗುರು, ಶುಕ್ರ. ನೀವು ಮನೆ ಸೇರುವಾಗ ಆರೂ ಮುಕ್ಕಾಲು. ಕಾಲು ತೊಳೆದು ಕಾಫಿ ಕುಡಿಯೋಕೆ ಅರ್ಧ ಗಂಟೆ ಇಟ್ಟುಕೊಂಡು ಏಳೂಕಾಲಿಂದ ಎಂಟೂವರೆ ತನಕ ಪಾಠ. ಈ ಅರ್ಧ ಗಂಟೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ, ಬಸ್ ಇಳಿದವರೇ ಪಾಠಕ್ಕೆ ಕೂತರೆ ಮಕ್ಕಳ ಮೇಲೆ ರೇಗೋದು ಅಲ್ಲಿಂದಲೇ ಶುರು. ನಾಲ್ಕು ದಿನಕ್ಕೆ 5 ಗಂಟೆ, ತಯಾರಿಗೆ 1, ಒಟ್ಟು 6. ತಂದೆತಾಯಿಗಳಿಗೆ ತಿಂಗಳ ಮೊದಲೇ ಹೇಳಿ, ಬುಧವಾರ ಮಕ್ಕಳಿಗೆ ಮನೆಯಲ್ಲೇ ಮಾಡೋಕೆ ಲೆಕ್ಕ ಕೊಡುತ್ತೇನೆ, ಗುರುವಾರ ತಿದ್ದುತ್ತೇನೆ ಅಂತ. ಫೀಸ್ ಅಷ್ಟೇ ಇರಲಿ. ಒಬ್ಬಿಬ್ಬರು ಮುಖ ಸಣ್ಣ ಮಾಡಬಹುದು, ಆದರೆ ಸಂಜೆ ಹೊತ್ತಿಗೆ ಸರಿಯಾಗಿ ಹೇಳಿಕೊಡೋ ಟೀಚರ್‌ನ ಒಂದು ದಿನದ ಸಲುವಾಗಿ ಬಿಡೋರು ಕಡಿಮೆ.

ಕುಚ್ಚಿಗೆ ವಾರಕ್ಕೆ 8 ಗಂಟೆ. ಬುಧವಾರ ಸಂಜೆ 7.15ರಿಂದ 9.15, ಶನಿವಾರ 7ರಿಂದ 9, ಭಾನುವಾರ ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂ ಮುಕ್ಕಾಲು, ನಡುವೆ ಕಾಲು ಗಂಟೆ ಎದ್ದು ಓಡಾಡಬೇಕು. ನೋಡಿ, ಟ್ಯೂಷನ್ ಇರುವ ದಿನ ಕುಚ್ಚು ಇಲ್ಲ, ಕುಚ್ಚು ಇರುವ ದಿನ ಟ್ಯೂಷನ್ ಇಲ್ಲ. ಇದು ಬಹಳ ಮುಖ್ಯ. ಮಕ್ಕಳ ಜೊತೆ ಒಂದೂಕಾಲು ಗಂಟೆ ಮಾತಾಡಿ ಬಂದ ತಲೆ ಮಣಿ ಎಣಿಸೋಕೆ ಕೂರಲ್ಲ, ಕೂರಿಸಿದರೂ ಮೊದಲ ಅರ್ಧ ಗಂಟೆ ದಂಡ. ಟ್ಯೂಷನ್ ದಿನ ಎಂಟೂವರೆ ಆದಮೇಲೆ ಊಟ, ಮಗಳು, ಹತ್ತೂಕಾಲಿಗೆ ಹಾಸಿಗೆ, ಐದೂ ಮುಕ್ಕಾಲಿಗೆ ಏಳೋದು. ಸೀರೆ ಕವರನ್ನು ಕಣ್ಣಿಗೆ ಕಾಣದಂತೆ ಬೀರುವಿನಲ್ಲಿ ಇಡಿ.

ಬಾಗಿಲ ಕೆಲಸಕ್ಕೂ ಒಂದು ಜಾಗ ಕೊಡಿ. ಭಾನುವಾರ ಸಂಜೆ 5ರಿಂದ 6, ಸೀರೆ ತರೋದು, ಕೊಡೋದು, ಬಣ್ಣ ಆರಿಸೋದು ಎಲ್ಲ ಆಗಲೇ. ವಾಟ್ಸಾಪ್‌ನ ಅಬೌಟ್ ಸಾಲಿನಲ್ಲೇ ಅದನ್ನ ಬರೆದು ಹಾಕಿ. ಬಣ್ಣವನ್ನು ಫೋಟೋದಲ್ಲಿ ಒಪ್ಪಬೇಡಿ, ಸೀರೆ ಪಕ್ಕ ದಾರ ಇಟ್ಟು ತೋರಿಸಿ ಅಲ್ಲೇ ಮುಗಿಸಿ, ಹಿಂದೆ ಮುಂದೆ ಮೆಸೇಜ್ ಅರ್ಧ ನಿಲ್ಲುತ್ತೆ. ದಾರ ತರೋಕೆ, ಲೆಕ್ಕ ಬರೆಯೋಕೆ ಇನ್ನೊಂದು ಗಂಟೆ. ಶನಿವಾರ ಬರುವ ದಾರಿಯಲ್ಲೇ ಪೇಟೆಯಲ್ಲಿ ಇಳಿದು ವಾರದ್ದೆಲ್ಲ ಒಟ್ಟಿಗೆ ತಂದುಬಿಡಿ. ಅಲ್ಲಿಗೆ ಕುಚ್ಚಿನ ಪಾಲು 10, ಟ್ಯೂಷನ್ 6, ಹದಿನಾರು ತುಂಬಿತು.

ಈಗ ಆರ್ಡರ್ ಪುಸ್ತಕ. ಒಂದು ಉದ್ದ ನೋಟ್‌ಬುಕ್ ತಗೊಳ್ಳಿ, ವಾರಕ್ಕೆ ಒಂದು ಪುಟ, ಮೇಲೆ ಕೊಡಬೇಕಾದ ಭಾನುವಾರದ ತಾರೀಖು. ಕೆಳಗೆ ಹದಿನಾರು ಚೌಕ ಎಳೆಯಿರಿ, ಒಂದು ಚೌಕ ಅಂದರೆ ಅರ್ಧ ಗಂಟೆ. ಸಾದಾ ಕುಚ್ಚು ಬಂದರೆ ಮೂರು ಚೌಕ ತುಂಬಿ ಹೆಸರು ಬರೆಯಿರಿ. ಮಣಿ ಕ್ರೋಶಾ ಬಂದರೆ ಹತ್ತು ಚೌಕ. ಒಂದು ಕ್ರೋಶಾ, ಎರಡು ಸಾದಾ ಆದರೆ ಪುಟ ತುಂಬಿತು. ನಾಲ್ಕನೇ ಸೀರೆ ಬಂದರೆ ಪುಟ ತಿರುಗಿಸಿ ಮುಂದಿನ ಭಾನುವಾರದ ತಾರೀಖು ಹೇಳಿ. "ಈ ವಾರ ಆಗಲ್ಲ ಅಕ್ಕ" ಅಂದರೆ ಎದುರಿನವರು ಬಲವಂತ ಮಾಡುತ್ತಾರೆ, "ಈ ಪುಟ ತುಂಬಿದೆ ನೋಡಿ, ಮುಂದಿನದರಲ್ಲಿ ನಿಮ್ಮದೇ ಮೊದಲು" ಅಂತ ಪುಸ್ತಕ ತೋರಿಸಿದರೆ ಒಪ್ಪುತ್ತಾರೆ. ಮದುವೆ ಸೀರೆಯ ಭಾರಿ ಕುಚ್ಚು ಎಂಟು ಒಂಬತ್ತು ಗಂಟೆ ಹಿಡಿಯುತ್ತೆ, ಅದು ಒಂದು ಪುಟದಲ್ಲಿ ಹಿಡಿಸಲ್ಲ, ಎರಡು ವಾರಕ್ಕೆ ಹಂಚಿ, ಅಡ್ವಾನ್ಸ್ ತಗೊಂಡೇ ಬರೆಯಿರಿ. "ನಾಳೆಗೇ ಬೇಕು" ಅನ್ನೋರಿಗೆ ಅವತ್ತಿನ ಪುಟದಲ್ಲಿ ಖಾಲಿ ಚೌಕ ಇದ್ದರೆ ಮಾತ್ರ ಹೂಂ ಅನ್ನಿ. ಚೌಕದ ಹೊರಗೆ ಹೆಸರು ಬರೆಯೋಕೆ ಶುರು ಮಾಡಿದ ದಿನ ಪುಸ್ತಕ ಸತ್ತುಹೋಗುತ್ತೆ.

ದುಡ್ಡು ಕಡಿಮೆ ಆಗುತ್ತೆ, ಮುಚ್ಚಿಡಲ್ಲ. ವಾರಕ್ಕೆ ಒಂದು ಕ್ರೋಶಾ, ಎರಡು ಸಾದಾ ಅಂದರೆ 1,020, ತಿಂಗಳಿಗೆ ಸುಮಾರು 4,400. ಟ್ಯೂಷನ್ ಸೇರಿ 8,000. ಮೊದಲ ಎರಡು ತಿಂಗಳು 4,000 ಕಡಿಮೆ ಬರುತ್ತೆ ಅಂತ ಮನೆಯಲ್ಲಿ ಮೊದಲೇ ಕೂತು ಮಾತಾಡಿ, ಯಾವ ಖರ್ಚು ಮುಂದೂಡಬಹುದು ನೋಡಿ. ಚೀಟಿ ಕಟ್ಟುತ್ತಿದ್ದರೆ ಆ ದುಡ್ಡು ಮೊದಲು ಎತ್ತಿಡಿ. ತುಂಬೋ ದಾರಿ ಇದೆ. ಟ್ಯೂಷನ್‌ಗೆ ಇನ್ನಿಬ್ಬರು ಮಕ್ಕಳು ಬಂದರೆ ಒಂದು ಗಂಟೆಯೂ ಜಾಸ್ತಿ ಆಗಲ್ಲ, 1,200 ಬರುತ್ತೆ. ಕುಚ್ಚು ಹಾಗೆ ಬೆಳೆಯಲ್ಲ, ಅದು ಗಂಟೆ ತಿಂದೇ ಬೆಳೆಯೋದು, ಇಲ್ಲಾಂದ್ರೆ ರೇಟು ಏರಬೇಕು. ಪುಟ ಎರಡು ಮೂರು ವಾರ ಮುಂಚೆಯೇ ತುಂಬುತ್ತಿದೆ ಅಂದರೆ ನಿಮ್ಮ ರೇಟು ಕಡಿಮೆ ಇದೆ ಅಂತ ಅರ್ಥ. ಸಾದಾ 300, ಕ್ರೋಶಾ 850 ಮಾಡಿ. ಅಲ್ಲಿಗೆ ತಿಂಗಳಿಗೆ ಇನ್ನೊಂದು ಸಾವಿರ ಚಿಲ್ಲರೆ, ಒಟ್ಟು 10,200ರ ಹತ್ತಿರ. ನಿದ್ದೆ ಹದಿನೇಳು ಗಂಟೆ ವಾಪಸ್ ಬಂದಿರುತ್ತೆ. ಉಳಿದ 1,800ಕ್ಕೆ ಮತ್ತೆ ರಾತ್ರಿ ಕೂರಬೇಕಾ ಅಂತ ಆಗ ನೀವೇ ನಿರ್ಧಾರ ಮಾಡಿ, ನನ್ನ ಅಭಿಪ್ರಾಯ ಕೇಳಿದರೆ ಬೇಡ.

ಇನ್ನು ವರ್ಷ ಪೂರ್ತಿ ಒಂದೇ ಟೈಂಟೇಬಲ್ ನಡೆಯಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ, ಸೀರೆಗಳು ಸಾಲುಗಟ್ಟಿ ಬರುತ್ತವೆ. ಹಬ್ಬಕ್ಕೆ ಮುಂಚಿನ ಮೂರು ವಾರ ಚೌಕ ಇಪ್ಪತ್ತನಾಲ್ಕು ಮಾಡಿಕೊಳ್ಳಿ, ಅಂದರೆ ನಾಲ್ಕು ಗಂಟೆ ಜಾಸ್ತಿ, ಆದರೆ ಅದನ್ನು ಹೆಸರಿಲ್ಲದ ಎಂಟು ಗಂಟೆಯಿಂದ ತೆಗೀರಿ, ಹತ್ತೂಕಾಲರ ಹಾಸಿಗೆಯಿಂದ ಅಲ್ಲ. ಹಬ್ಬದ ಹತ್ತು ದಿನ ಮುಂಚೆ ಹೊಸ ಸೀರೆ ನಿಲ್ಲಿಸಿ. ಹಬ್ಬ ಮುಗಿದ ವಾರ ಪುಟ ಪೂರ್ತಿ ಖಾಲಿ ಬಿಡಿ. ಆಷಾಢದಲ್ಲಿ ಮದುವೆ ಇಲ್ಲ, ಸೀರೆ ತಾನಾಗಿ ಕಡಿಮೆ, ಆಗ ಹೊಸ ಡಿಸೈನ್ ಕಲಿಯೋದು, ಕನ್ನಡಕದ ನಂಬರ್ ತೋರಿಸೋದು ಮುಗಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಪರೀಕ್ಷೆಯ ಹಿಂದಿನ ತಿಂಗಳು ಕುಚ್ಚಿನ ಪುಟಕ್ಕೆ ಆರು ಚೌಕ ಸಾಕು. ಮತ್ತೆ ನಿಮ್ಮ ಆಫೀಸಿಗೂ ಸೀಸನ್ ಇದೆ. ಪ್ರತಿ ತಿಂಗಳು ಜಿಎಸ್‌ಟಿ ಕಟ್ಟೋ ಅಂಗಡಿಯಾದರೆ 11ಕ್ಕೆ ಮಾರಾಟದ ರಿಟರ್ನ್, 20ಕ್ಕೆ ತೆರಿಗೆಯ ರಿಟರ್ನ್, ಆ ಎರಡು ತಾರೀಖಿನ ಹಿಂದಿನ ಎರಡು ದಿನ ಮನೆಗೆ ಬರೋದು ತಡ ಆಗೇ ಆಗುತ್ತೆ. ಆ ತಾರೀಖು ಬುಧವಾರದ ಹತ್ತಿರ ಬಿದ್ದರೆ ಆ ಪುಟದಲ್ಲಿ ಮೊದಲೇ ನಾಲ್ಕು ಚೌಕಕ್ಕೆ ಅಡ್ಡಗೆರೆ ಹಾಕಿಬಿಡಿ. ನಿಮ್ಮ ಸಂಬಳ ಬರೋದು ಅಲ್ಲಿಂದ, ಎಂಟ್ರಿ ತಪ್ಪಿ ಅದು ಅಲ್ಲಾಡಿದರೆ ಉಳಿದ ಎರಡೂ ಅದನ್ನು ತುಂಬಲ್ಲ. ಅಂದಹಾಗೆ ನೇಮಕದ ಪತ್ರ ಕೊಟ್ಟಿದ್ದರೆ ಹೊರಗಿನ ಕೆಲಸದ ಬಗ್ಗೆ ಏನಿದೆ ಅಂತ ಒಮ್ಮೆ ಓದಿಕೊಳ್ಳಿ. ಅಂಗಡಿಗಳಿಗೆ ಅನ್ವಯವಾಗುವ 1961ರ ಕರ್ನಾಟಕದ ಕಾಯ್ದೆ ಪ್ರಕಾರ ಮಾಮೂಲಿ ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಊಟದ ಬಿಡುವು ಕಳೆದು ನಿಮ್ಮದು ಅದರೊಳಗೇ ಇದೆ ಅನ್ನಿಸುತ್ತೆ, ಆದರೆ ದಿನಾ ಏಳಾಗುತ್ತಿದ್ದರೆ ಮಾಲೀಕರ ಹತ್ತಿರ ಮಾತಾಡಬೇಕಾದ ವಿಷಯ ಅದು.

ಇದು ಮತ್ತೆ ಹಳಿ ತಪ್ಪುತ್ತಿದೆ ಅಂತ ಗೊತ್ತಾಗೋದು ಹೇಗೆ? ದಣಿವನ್ನು ಕಾಯಬೇಡಿ, ಅದು ತಡವಾಗಿ ಬರುತ್ತೆ. ಪುಟ ನೋಡಿ. ಒಂದು ಭಾನುವಾರ ಮುಗಿಯದ ಸೀರೆ ಮುಂದಿನ ಪುಟಕ್ಕೆ ಹೋಯಿತು ಅಂದರೆ ಪರವಾಗಿಲ್ಲ. ಎರಡು ಭಾನುವಾರ ಸತತ ಹೋಯಿತು ಅಂದರೆ ನಿಮ್ಮ ಅಳತೆ ತಪ್ಪು, ಮುಂದಿನ ಪುಟದಿಂದ ಮೂರು ಚೌಕ ಕಡಿಮೆ ಎಳೆಯಿರಿ. ವಾರದಲ್ಲಿ ಎರಡಕ್ಕಿಂತ ಹೆಚ್ಚು ರಾತ್ರಿ ಹನ್ನೊಂದು ದಾಟಿತು ಅಂದರೂ ಅಷ್ಟೇ. ಹಾಸಿಗೆಗೆ ಹೋದ ಟೈಮನ್ನು ಅದೇ ಪುಟದ ಮೂಲೆಯಲ್ಲಿ ಬರೆಯುತ್ತಾ ಬನ್ನಿ, ಬೇರೆ ಡೈರಿ ಬೇಡ. ಕತ್ತು ನೋವಿಗೆ ಸೀರೆಯನ್ನು ತೊಡೆ ಮೇಲೆ ಹಾಕಿಕೊಂಡು ಬಗ್ಗೋದು ಬಿಟ್ಟು ಎದೆ ಮಟ್ಟದ ಮೇಜಿಗೋ ಸ್ಟ್ಯಾಂಡಿಗೋ ಕಟ್ಟಿಕೊಳ್ಳಿ. ಬೆರಳು ಜೋಮು ಹಿಡಿಯುತ್ತಿದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ. ಆರು ವಾರ ಸರಿಯಾಗಿ ಮಲಗಿದ ಮೇಲೂ ಸುಸ್ತು ಇಳಿಯದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸುತ್ತಿದ್ದರೆ ಅದು ಟೈಂಟೇಬಲ್ ವಿಷಯ ಅಲ್ಲ. ಡಾಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿ, ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಇದ್ದರೂ ಹೀಗೇ ಆಗುತ್ತೆ.

ಈಗ ನಿಮ್ಮ ಬೀರುವಿನಲ್ಲಿ ಒಪ್ಪಿಕೊಂಡ ಸೀರೆಗಳು ಇವೆಯಲ್ಲ, ಅವುಗಳಿಂದ ಶುರು ಮಾಡಿ. ಎಲ್ಲವನ್ನೂ ಮಂಚದ ಮೇಲೆ ಹರಡಿ, ಒಂದೊಂದಕ್ಕೂ ಎಷ್ಟು ಚೌಕ ಅಂತ ಚೀಟಿ ಇಡಿ, ಪುಟಗಳಿಗೆ ಹಂಚಿ. ಹದಿನಾರಕ್ಕೆ ಮೀರಿದ್ದು ಯಾರದ್ದು ಅಂತ ಕಂಡ ತಕ್ಷಣ ಅವರಿಗೆ ಫೋನ್ ಮಾಡಿ ಹೊಸ ತಾರೀಖು ಹೇಳಿಬಿಡಿ. ಹಬ್ಬಕ್ಕೋ ಮದುವೆಗೋ ತುರ್ತಾಗಿ ಬೇಕಾದ ಸಾದಾ ಸೀರೆ ಇದ್ದರೆ, ನಿಮ್ಮ ಹಾಗೇ ಕುಚ್ಚು ಹಾಕೋ ಪಕ್ಕದ ಬೀದಿಯವರಿಗೆ ಒಂದಕ್ಕೆ 150 ಕೊಟ್ಟು ಮಾಡಿಸಿ, ಕೊಡುವ ಮುಂಚೆ ಗಂಟು ನೀವೇ ನೋಡಿ. ಆ ರಾಶಿ ಪುಟಕ್ಕೆ ಇಳಿಯೋಕೆ ಮೂರು ನಾಲ್ಕು ವಾರ ಹಿಡಿಯಬಹುದು. ಅಲ್ಲಿತನಕ ಹೊಸ ಸೀರೆಗೆ ನಾಲ್ಕನೇ ಭಾನುವಾರದ ತಾರೀಖನ್ನೇ ಕೊಡಿ.